ಒಂದು ವರ್ಷ ಕೆಲಸ ಬಿಟ್ಟು ಅಪ್ಪನ ಜೊತೆ ಇರಬೇಕು: ಒಂಬತ್ತು ಲಕ್ಷ ಸಾಕಾಗುತ್ತಾ?

ಸುಮಾ_ವಾಕಡ್

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದವರು, ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ನಾನು ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದೇನೆ, ನಮ್ಮನೆಯವರು ಒಂದು ಖಾಸಗಿ ಕಾಲೇಜಿನಲ್ಲಿ ಗುತ್ತಿಗೆ ಮೇಲೆ ಪಾಠ ಮಾಡ್ತಾರೆ. ಮಗಳು ನಾಲ್ಕನೇ ಕ್ಲಾಸು. ಅಪ್ಪನಿಗೆ 71, ಪಾರ್ಕಿನ್ಸನ್ಸ್ ಶುರುವಾಗಿ ಎರಡು ವರ್ಷ. ಅವ್ವ ಒಬ್ಬಳೇ ನೋಡಿಕೊಂಡು ಸೋತಾಳ. ಇಬ್ಬರನ್ನೂ ವಾಕಡ್‌ಗೆ ಕರೆತಂದು, ಸೆಪ್ಟೆಂಬರ್ ಕೊನೆಗೆ ಕೆಲಸ ಬಿಟ್ಟು, ಒಂದು ವರ್ಷ ಮನೆಯಲ್ಲಿ ಇರೋಣ ಅಂತ ತೀರ್ಮಾನ ಮಾಡಿದ್ದೇನೆ.

ಖರ್ಚು ಹೀಗಿದೆ. ಮನೆ ಸಾಲದ ಕಂತು 38 ಸಾವಿರ, ಕಿರಾಣಿ-ತರಕಾರಿ-ಹಾಲು 22, ಮನೆಗೆಲಸದ ಬಾಯಿ, ಕರೆಂಟು, ಫೋನು ಎಲ್ಲ ಸೇರಿ 12, ಪೆಟ್ರೋಲ್ 5, ಸೊಸೈಟಿ ಮೇಂಟೆನೆನ್ಸ್ ನಾಲ್ಕೂವರೆ, ಅಪ್ಪನ ಔಷಧ ಮತ್ತು ಫಿಸಿಯೋಥೆರಪಿ 18. ಹೆಚ್ಚುಕಡಿಮೆ ಒಂದು ಲಕ್ಷ. ಯಜಮಾನರ ಸಂಬಳ 45 ಸಾವಿರ ಕಳೆದರೆ ತಿಂಗಳಿಗೆ 55 ಸಾವಿರ ಕೊರತೆ, ಹನ್ನೆರಡು ತಿಂಗಳಿಗೆ 6 ಲಕ್ಷ 60 ಸಾವಿರ. ಎಫ್‌ಡಿ 9 ಲಕ್ಷ ಇದೆ. ಅದರ ಹೊರತಾಗಿ ಮ್ಯೂಚುವಲ್ ಫಂಡ್ 6 ಲಕ್ಷ, ಪಿಎಫ್ 11 ಲಕ್ಷ. ನನ್ನ ಲೆಕ್ಕದಲ್ಲಿ ಸಾಕು ಅನಿಸುತ್ತೆ. ಏನಾದರೂ ಬಿಟ್ಟುಹೋಗಿದೆಯಾ?

ಶೆಟ್ಟಿ_ಡೊಂಬಿವಲಿ

ಧಾರಾಳ ಸಾಕು ಮೇಡಂ. ಆರು ತಿಂಗಳ ಖರ್ಚು ಕೈಯಲ್ಲಿದ್ದರೆ ಸಾಕು ಅಂತ ಎಲ್ಲರೂ ಹೇಳ್ತಾರೆ, ನಿಮ್ಮಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇದೆ. ಕಡಿಮೆ ಬಿದ್ದರೆ ಪಿಎಫ್ ತೆಗೆದುಬಿಡಿ. ಹೇಗೂ ಕೆಲಸ ಬಿಟ್ಟ ಮೇಲೆ ಅದಕ್ಕೆ ಬಡ್ಡಿ ಬರೋದಿಲ್ಲ.

ನಾಗರಾಜ್_ಠಾಣೆ

ನನ್ನ ಮಗನೂ ಒಂದು ವರ್ಷ ಗ್ಯಾಪ್ ತಗೊಂಡು ಪ್ರವೇಶ ಪರೀಕ್ಷೆಗೆ ಕೂರ್ತೀನಿ ಅಂತಿದ್ದಾನೆ. ಕೋಚಿಂಗ್‌ಗೆ ಶಿಕ್ಷಣ ಸಾಲ ಸಿಗುತ್ತಾ? ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಪೂರ್ಣಿಮಾ_ಕೋಥ್ರೂಡ್

ನಾಗರಾಜ್ ಅವರೇ, ಇಲ್ಲಿ ಮಾತು ಬೇರೆ ನಡೀತಿದೆ, ನೀವು ಹೊಸ ಚರ್ಚೆ ತೆರೆದರೆ ಉತ್ತರ ಸಿಗಬಹುದು. ಸುಮಾ, ನಾನೂ ಮುಂದಿನ ವರ್ಷ ಒಂದು ವರ್ಷದ ಪೂರ್ಣಾವಧಿ ಕೋರ್ಸ್ ಮಾಡೋಣ ಅಂತಿದ್ದೇನೆ. ಹಾಗಾಗಿ ಇಲ್ಲೇ ಕೂತಿರ್ತೀನಿ.

ಕುಲಕರ್ಣಿ_ಚಿಂಚವಾಡ

ಸುಮಾ ಅವರೇ, ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ನಿಮ್ಮ ಲೆಕ್ಕ ಪ್ರಾಮಾಣಿಕವಾಗಿದೆ, ಆದರೆ ಅದು ತಿಂಗಳ ಲೆಕ್ಕ. ವರ್ಷಕ್ಕೊಮ್ಮೆ, ಎರಡು ಸಲ ಬರುವ ಬಿಲ್ಲುಗಳು ಅದರಲ್ಲಿ ಕಾಣ್ತಿಲ್ಲ. ಮಗಳ ಶಾಲೆ ಫೀ ಎಲ್ಲಿ? ಟರ್ಮ್ ಇನ್ಶೂರೆನ್ಸ್, ಕಾರಿನ ಇನ್ಶೂರೆನ್ಸ್? ಆರೋಗ್ಯ ವಿಮೆ ಈಗ ಕಂಪನಿಯದ್ದೇ ಇರಬೇಕು, ಅಲ್ವಾ? ಇನ್ನೊಂದು ವಿಷಯ, ಸ್ವಲ್ಪ ಸಂಕೋಚದಿಂದಲೇ ಕೇಳ್ತೇನೆ. ನಿಮ್ಮ ಯಜಮಾನರಿಗೆ ಮೇ ತಿಂಗಳಲ್ಲಿ ಸಂಬಳ ಬರುತ್ತಾ?

ಶೆಟ್ಟರು ಹೇಳಿದ್ದು ಅರ್ಧ ಸರಿ. ಪಿಎಫ್‌ಗೆ ಬಡ್ಡಿ ನಿಲ್ಲೋದಿಲ್ಲ. ಕೆಲಸ ಬಿಟ್ಟ ದಿನದಿಂದ ಬರುವ ಬಡ್ಡಿಗೆ ತೆರಿಗೆ ಬೀಳುತ್ತೆ, ಅಷ್ಟೇ. ಆರು ತಿಂಗಳ ಮಾತು, ಕೆಲಸ ಹೋದರೆ ಹೊಸದು ಹುಡುಕೋತನಕ ತಡೆಯೋದಕ್ಕೆ ಹೇಳೋದು. ಇದು ಗೊತ್ತಿದ್ದೇ ಒಂದು ವರ್ಷ ಮನೆಯಲ್ಲಿ ಕೂರುವ ವಿಚಾರ. ಆ ಆರು ತಿಂಗಳು ವರ್ಷ ಮುಗಿದ ಮೇಲೆ ಶುರುವಾಗುತ್ತೆ.

ಸುಮಾ_ವಾಕಡ್

ಸರ್, ಶಾಲೆ ಫೀ ವರ್ಷಕ್ಕೆ 1 ಲಕ್ಷ 20 ಸಾವಿರ, ಜೂನ್ ಮತ್ತು ಡಿಸೆಂಬರ್‌ನಲ್ಲಿ ಎರಡು ಕಂತು. ಅದು ಬೋನಸ್‌ನಿಂದ ಹೋಗ್ತಿತ್ತು, ಹಾಗಾಗಿ ಮನಸ್ಸಿಗೆ ಬರಲೇ ಇಲ್ಲ. ಟರ್ಮ್ ಮತ್ತು ಕಾರು ಸೇರಿ 45 ಸಾವಿರ. ಹಬ್ಬ, ಊರಿಗೆ ಹೋಗಿ ಬರೋದು 35 ಅಂತ ಇಟ್ಟುಕೊಳ್ಳಿ. ಆರೋಗ್ಯ ವಿಮೆ ಕಂಪನಿಯದ್ದೇ, ಅಪ್ಪ-ಅವ್ವ ಕೂಡ ಅದರಲ್ಲೇ ಇದ್ದಾರೆ.

ಸಂಬಳದ ವಿಷಯ ನಿನ್ನೆ ರಾತ್ರಿ ಕೇಳಿದೆ. ಅವರ ಒಪ್ಪಂದ ಹತ್ತು ತಿಂಗಳದ್ದು. ಮೇ, ಜೂನ್ ಇಲ್ಲ. ನನ್ನ ಸಂಬಳ ಬರ್ತಿದ್ದಾಗ ನಮಗೆ ಅದು ಅಷ್ಟು ತಟ್ಟಿರಲಿಲ್ಲ.

ಮಡಗಾಂವ್_ರವಿ

ಗೋವಾದಿಂದ ನನ್ನ ಅನುಭವ ಹೇಳ್ತೀನಿ. ವೆರ್ಣಾದ ಒಂದು ಔಷಧ ಕಂಪನಿಯಲ್ಲಿದ್ದೆ. ಅವಳಿ ಮಕ್ಕಳು ಹುಟ್ಟಿದಾಗ ಕೆಲಸ ಬಿಟ್ಟೆ, ಹೆಂಡತಿ ನೌಕರಿ ಮುಂದುವರಿಸಿದಳು. ಮನೆಯಲ್ಲಿದ್ದ ವರ್ಷ ದುಡ್ಡಿನ ತೊಂದರೆ ಆಗಲಿಲ್ಲ, ಆಗಿದ್ದು ವಾಪಸ್ ಸೇರುವಾಗ. ಹುಡುಕೋದು, ಸಂದರ್ಶನ, ಅವರು ‘ತಿಳಿಸ್ತೀವಿ’ ಅಂತ ಕಾಯಿಸೋದು ಒಂದು ಕಡೆ. ಆಫರ್ ಕೈಗೆ ಬಂದ ಮೇಲೂ ಸೇರುವ ದಿನಾಂಕ ಮುಂದಿನ ತಿಂಗಳು, ಆ ತಿಂಗಳ ಹದಿನೈದರ ನಂತರ ಸೇರಿದ್ದಕ್ಕೆ ಸಂಬಳ ಅದರ ಮುಂದಿನ ತಿಂಗಳ ಕೊನೆಗೆ. ‘ಕೆಲಸ ಸಿಕ್ತು’ ಅಂತ ಪೇಡೆ ಹಂಚಿದ ದಿನಕ್ಕೂ ಖಾತೆಗೆ ದುಡ್ಡು ಬಿದ್ದ ದಿನಕ್ಕೂ ನಡುವೆ ಎರಡು ತಿಂಗಳಿಗಿಂತ ಜಾಸ್ತಿ. ಅಷ್ಟು ದಿನ ಇಎಂಐ ನಿಲ್ಲೋದಿಲ್ಲವಲ್ಲ.

ಕುಲಕರ್ಣಿ_ಚಿಂಚವಾಡ

ರವಿಯವರು ಹೇಳಿದ್ದನ್ನು ಸೇರಿಸಿಯೇ ಲೆಕ್ಕ ಹಾಕ್ತೇನೆ. ಸುಮಾ ಅವರೇ, ಕಾಗದ ಪೆನ್ನು ಇಟ್ಟುಕೊಳ್ಳಿ.

ತಿಂಗಳ ಖರ್ಚು ವರ್ಷಕ್ಕೆ 12 ಲಕ್ಷ. ಫೀ, ವಿಮೆ, ಹಬ್ಬ ಸೇರಿ 2 ಲಕ್ಷ. ಕಂಪನಿ ವಿಮೆ ಹೋದ ಮೇಲೆ ನಿಮ್ಮ ಮೂವರಿಗೆ ಒಂದು, ತಂದೆ-ತಾಯಿಗೆ ಒಂದು ಪಾಲಿಸಿ ಬೇಕು. ಅದಕ್ಕೆ ಸದ್ಯ 1 ಲಕ್ಷ ಹಿಡಿಯೋಣ. ಒಟ್ಟು 15 ಲಕ್ಷ. ಯಜಮಾನರದ್ದು ಹತ್ತು ತಿಂಗಳಿಗೆ ನಾಲ್ಕೂವರೆ. ಕೊರತೆ ಹತ್ತೂವರೆ ಲಕ್ಷ.

ಆಮೇಲೆ ಹುಡುಕಾಟ ಮತ್ತು ಮೊದಲ ಸಂಬಳದವರೆಗೆ ಐದು ತಿಂಗಳು. ತಿಂಗಳಿಗೆ 55 ಸಾವಿರದಂತೆ 2 ಲಕ್ಷ 75 ಸಾವಿರ. ಆ ಹೊತ್ತಿಗೆ ಶಾಲೆಯ ಒಂದು ಕಂತು, ಇನ್ನೊಂದಷ್ಟು ವಿಮೆ ಮತ್ತೆ ಬಂದಿರುತ್ತೆ, ಅದಕ್ಕೆ ಒಂದೂಕಾಲು. ಇದು 4 ಲಕ್ಷ. ಅಲ್ಲಿಗೆ ಹದಿನಾಲ್ಕೂವರೆ.

ಇದಲ್ಲದೆ ನಿಮ್ಮ ತಂದೆಯವರ ಆಸ್ಪತ್ರೆಗೆ ಅಂತ 3 ಲಕ್ಷ ಬೇರೆ ಇಡಿ. ಯಾಕೆ ಅಂತ ಮುಂದೆ ಬರೀತೀನಿ. ಹದಿನೇಳೂವರೆ ಲಕ್ಷ. ನೀವು ಆರೂವರೆಯಿಂದ ಶುರು ಮಾಡಿದ್ರಿ.

ನಿಮ್ಮ 9 ಲಕ್ಷ ಎಫ್‌ಡಿ ಎಲ್ಲೆಲ್ಲಿದೆ?

ಸುಮಾ_ವಾಕಡ್

ಓದಿ ಸ್ವಲ್ಪ ಕೂತೆ ಸರ್.

ಎಫ್‌ಡಿ 5 ಲಕ್ಷ ಬ್ಯಾಂಕಿನಲ್ಲಿ, 4 ಲಕ್ಷ ನಮ್ಮ ಏರಿಯಾದ ಪತಸಂಸ್ಥೆಯಲ್ಲಿ, ಅಂದ್ರೆ ಸಹಕಾರಿ ಪತ್ತಿನ ಸಂಘದಲ್ಲಿ. ಅಲ್ಲಿ ಬಡ್ಡಿ ಸ್ವಲ್ಪ ಜಾಸ್ತಿ.

ಕುಲಕರ್ಣಿ_ಚಿಂಚವಾಡ

ಪತಸಂಸ್ಥೆ ಬ್ಯಾಂಕ್ ಅಲ್ಲ. ಬ್ಯಾಂಕು, ಸಹಕಾರಿ ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತಸಂಸ್ಥೆಗೆ ಆ ವಿಮೆ ಇಲ್ಲ. ಸಂಬಳ ಬರ್ತಿರುವಾಗ ಆ ಅಪಾಯ ಬೇರೆ, ಅದೇ ದುಡ್ಡಿನಲ್ಲಿ ಮನೆ ನಡೀಬೇಕಾದಾಗ ಬೇರೆ. ಅವಧಿ ಮುಗಿದ ದಿನ ತೆಗೆದು ಇನ್ನೊಂದು ಬ್ಯಾಂಕಿಗೆ ಹಾಕಿ.

ಹಾಕುವಾಗ ಒಂದೇ ದೊಡ್ಡ ಎಫ್‌ಡಿ ಬೇಡ. ಎರಡೆರಡು ತಿಂಗಳಿಗೆ ಒಂದು ಮುಗಿಯುವ ಹಾಗೆ ಒಂದೂವರೆ, ಎರಡು ಲಕ್ಷದ ತುಂಡುಗಳಾಗಿ ಇಡಿ. ಅವಧಿಗೆ ಮುಂಚೆ ಮುರಿದರೆ ಬಡ್ಡಿಯಲ್ಲಿ ದಂಡ ಹಿಡೀತಾರೆ. ಇನ್ನೊಂದು ಲಾಭ ಏನಂದ್ರೆ, ಮುಂದಿನ ತುಂಡು ಮುಗಿಯೋಕೆ ಮುಂಚೆ ಖಾತೆ ಖಾಲಿಯಾದರೆ ನಿಮ್ಮ ಖರ್ಚು ಅಂದಾಜಿಗಿಂತ ಜಾಸ್ತಿ ಓಡ್ತಿದೆ ಅಂತ ಎರಡನೇ ತಿಂಗಳಲ್ಲೇ ಗೊತ್ತಾಗುತ್ತೆ. ಒಂಬತ್ತು ಲಕ್ಷ ಒಂದೇ ಖಾತೆಯಲ್ಲಿದ್ದರೆ ಅದು ತಿಳಿಯೋ ಹೊತ್ತಿಗೆ ಎಂಟನೇ ತಿಂಗಳು.

ಶೆಟ್ಟಿ_ಡೊಂಬಿವಲಿ

ಎಫ್‌ಡಿಯಿಂದ ಮನೆ ಸಾಲಕ್ಕೆ ಒಂದು ಗಂಟು ಕಟ್ಟಿ ಇಎಂಐ ಇಳಿಸಿಕೊಂಡರೆ ಹೇಗೆ? ಸಾಲಕ್ಕೆ ಕೊಡೋ ಬಡ್ಡಿ ಎಫ್‌ಡಿಗಿಂತ ಜಾಸ್ತಿ ತಾನೆ.

ಕುಲಕರ್ಣಿ_ಚಿಂಚವಾಡ

ಬೇರೆ ಸಮಯದಲ್ಲಿ ಒಪ್ತಿದ್ದೆ ಶೆಟ್ರೆ. ಆದರೆ ಕಟ್ಟಿದ ದುಡ್ಡನ್ನು ಬ್ಯಾಂಕು ಕೇಳಿದಾಗ ವಾಪಸ್ ಕೊಡೋದಿಲ್ಲ. ಸಂಬಳದ ಚೀಟಿ ಇಲ್ಲದವರಿಗೆ ಹೊಸ ಸಾಲವನ್ನೂ ಸುಲಭಕ್ಕೆ ಕೊಡೋದಿಲ್ಲ. ಓವರ್‌ಡ್ರಾಫ್ಟ್ ಮಾದರಿಯ ಮನೆ ಸಾಲ ಆಗಿದ್ದರೆ ಮಾತು ಬೇರೆ, ಅಲ್ಲಿ ಹಾಕಿದ್ದನ್ನು ತೆಗೀಬಹುದು. ಸುಮಾ ಅವರೇ, ನಿಮ್ಮದು ಯಾವುದು ಅಂತ ನೋಡಿ. ಸಾದಾ ಸಾಲ ಆಗಿದ್ದರೆ ಈ ವರ್ಷ ಮುಟ್ಟಬೇಡಿ.

ಅನಿತಾ_ಖರಾಡಿ

ನಾನು ಎಚ್‌ಆರ್‌ನಲ್ಲಿದ್ದೇನೆ, ಬೇರೆ ಕಂಪನಿ. ವಿಮೆಯ ಬಗ್ಗೆ ಹೇಳ್ತೀನಿ, ಯಾಕಂದ್ರೆ ಜನ ಕೊನೇ ವಾರದಲ್ಲಿ ಬಂದು ಕೇಳ್ತಾರೆ.

ಕಂಪನಿಯ ಗುಂಪು ವಿಮೆಯಲ್ಲಿ ಅಪ್ಪ-ಅಮ್ಮನ ಹಳೇ ಕಾಯಿಲೆಗಳಿಗೂ ಸಾಮಾನ್ಯವಾಗಿ ಮೊದಲ ದಿನದಿಂದ ರಕ್ಷಣೆ ಇರುತ್ತೆ. ಅದು ಬಹುತೇಕ ಕಂಪನಿಗಳಲ್ಲಿ ಕೊನೆಯ ಕೆಲಸದ ದಿನಕ್ಕೆ ಮುಗಿಯುತ್ತೆ. ಹೊರಗೆ ಹೊಸ ಪಾಲಿಸಿ ತಗೊಂಡರೆ ಈಗಾಗಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ನಿಮ್ಮ ಒಂದು ವರ್ಷ ಪೂರ್ತಿ ಆ ಕಾಯುವ ಅವಧಿಯಲ್ಲೇ ಕಳೆದುಹೋಗುತ್ತೆ. ಪಾರ್ಕಿನ್ಸನ್ಸ್ ಅಂದ ಕೂಡಲೇ ಕೆಲವರು ಪಾಲಿಸಿಯನ್ನೇ ನಿರಾಕರಿಸಬಹುದು.

ಒಂದು ದಾರಿ ಇದೆ. ಗುಂಪು ವಿಮೆ ಕೊಟ್ಟ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗ ಆಗೋಕೆ ಅರ್ಜಿ ಹಾಕಬಹುದು, ಆಗ ಇಷ್ಟು ವರ್ಷ ಕಾಯ್ದದ್ದು ಲೆಕ್ಕಕ್ಕೆ ಬರುತ್ತೆ. ಆದರೆ ಒಪ್ಪೋದು ಬಿಡೋದು, ಪ್ರೀಮಿಯಂ ಎಷ್ಟು ಅನ್ನೋದು ಅವರ ಕೈಯಲ್ಲಿ. ಕೊನೆಯ ದಿನಕ್ಕೆ ಒಂದೂವರೆ-ಎರಡು ತಿಂಗಳು ಮುಂಚೆಯೇ ಅರ್ಜಿ ಹೋಗಿರಬೇಕು. ರಾಜೀನಾಮೆ ಕೊಡೋಕೆ ಮುಂಚೆ ಕ್ಲೇಮ್ ಕೆಲಸ ನೋಡಿಕೊಳ್ಳುವ ಟಿಪಿಎ ಹತ್ತಿರ ಅಲ್ಲ, ನೇರ ವಿಮಾ ಕಂಪನಿ ಹತ್ತಿರ ಮಾತಾಡಿ, ಉತ್ತರ ಮೇಲ್‌ನಲ್ಲಿ ತಗೊಳ್ಳಿ. ನಿಮ್ಮ ಮೂವರ ಪಾಲಿಸಿ ಮಾತ್ರ ಈಗಲೇ ತಗೊಂಡುಬಿಡಿ. ಹೊಸ ಪಾಲಿಸಿಯ ಮೊದಲ ಮೂವತ್ತು ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಕ್ಲೇಮ್ ಇಲ್ಲ, ಆ ದಿನಗಳು ಕಂಪನಿ ವಿಮೆ ಇರುವಾಗಲೇ ಕಳೆದುಹೋಗಲಿ.

ಕುಲಕರ್ಣಿ_ಚಿಂಚವಾಡ

3 ಲಕ್ಷ ಬೇರೆ ಇಡಿ ಅಂದದ್ದು ಇದಕ್ಕೇ. ತಂದೆಯವರಿಗೆ ಪಾಲಿಸಿ ಸಿಗದೇ ಹೋದರೆ ಅವರ ಮಟ್ಟಿಗೆ ಆ 3 ಲಕ್ಷವೇ ವಿಮೆ.

ಮಡಗಾಂವ್_ರವಿ

70 ದಾಟಿದವರಿಗೆ ಆದಾಯ ನೋಡದೆ ಆಯುಷ್ಮಾನ್ ಭಾರತದಲ್ಲಿ 5 ಲಕ್ಷ ಇದೆಯಲ್ಲ, 2024ರಲ್ಲಿ ಶುರುವಾಯ್ತು. ಅವರ ತಂದೆಗೆ 71.

ಅನಿತಾ_ಖರಾಡಿ

ಮಾಡಿಸಿಡಲಿ, ನಷ್ಟವಿಲ್ಲ. ಆದರೆ ಅದು ಆಸ್ಪತ್ರೆಗೆ ದಾಖಲಾದರೆ ಮಾತ್ರ, ಅದೂ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ. ತಿಂಗಳ ಔಷಧ, ಫಿಸಿಯೋಗೆ ಬರೋದಿಲ್ಲ. ಆಧಾರ್ ಧಾರವಾಡದ್ದು, ಚಿಕಿತ್ಸೆ ವಾಕಡ್‌ನಲ್ಲಿ ಅಂದ್ರೆ ಹತ್ತಿರದ ಆಸ್ಪತ್ರೆಯ ಕೌಂಟರ್‌ನಲ್ಲಿ ಹೋಗಿ ಕೇಳೋದೇ ಒಳ್ಳೇದು.

ಸುಮಾ_ವಾಕಡ್

ಕೇಳ್ತೀನಿ. ಇನ್ನೊಂದು ಪ್ರಶ್ನೆ. ಈ ಕಂಪನಿಯಲ್ಲಿ ನನಗೆ ನವೆಂಬರ್ 10ಕ್ಕೆ ಐದು ವರ್ಷ ಆಗುತ್ತೆ. ಸೆಪ್ಟೆಂಬರ್‌ಗೆ ಬಿಟ್ಟರೆ ಗ್ರಾಚ್ಯುಟಿ ಹೋಗುತ್ತಾ?

ಶೆಟ್ಟಿ_ಡೊಂಬಿವಲಿ

ಹೋಗೋದಿಲ್ಲ. ನಾಲ್ಕು ವರ್ಷ 240 ದಿನ ಆದರೆ ಐದು ವರ್ಷ ಅಂತಲೇ ಲೆಕ್ಕ. ಕೋರ್ಟ್ ಹೇಳಿದೆ.

ಅನಿತಾ_ಖರಾಡಿ

ಮದ್ರಾಸ್ ಹೈಕೋರ್ಟ್ ಹಾಗೆ ಹೇಳಿದ್ದು ನಿಜ. ಕೆಲವು ಕಂಪನಿಗಳು ಒಪ್ಪಿಕೊಂಡು ಕೊಡ್ತವೆ, ಕೆಲವು ಪೂರ್ತಿ ಐದೇ ಬೇಕು ಅಂತ ಕೂರ್ತವೆ. ಆಮೇಲೆ ಪುಣೆಯಲ್ಲಿ ಕಾರ್ಮಿಕ ಇಲಾಖೆಗೆ ಓಡಾಡೋದು ಯಾರು, ಅಪ್ಪನನ್ನು ನೋಡಿಕೊಳ್ಳೋಕೆ ಅಂತ ಬಿಟ್ಟವರಾ?

ಕುಲಕರ್ಣಿ_ಚಿಂಚವಾಡ

ಆರು ವಾರದ ವಿಷಯ, ವಾದ ಯಾಕೆ. ಸುಮಾ ಅವರೇ, ಸೆಪ್ಟೆಂಬರ್ ಬದಲು ನವೆಂಬರ್ ಕೊನೆಗೆ ಬಿಡೋಕೆ ಆಗುತ್ತಾ ಅಂತ ನೋಡಿ. ನಿಮ್ಮ ಸಂಬಳ, ಮೂಲ ವೇತನ ಎಷ್ಟು ಅಂತ ಹೇಳಿದರೆ ಕಾರಣ ತೋರಿಸ್ತೇನೆ.

ಸುಮಾ_ವಾಕಡ್

ಕಡಿತಕ್ಕೆ ಮುಂಚೆ ತಿಂಗಳಿಗೆ ಒಂದೂವರೆ ಲಕ್ಷ. ಮೂಲ ವೇತನ 60 ಸಾವಿರ. ತೆರಿಗೆ ಹೊಸ ಪದ್ಧತಿ.

ಕುಲಕರ್ಣಿ_ಚಿಂಚವಾಡ

ಗ್ರಾಚ್ಯುಟಿ ಮೊದಲು. ಮೂಲ ವೇತನ 60 ಸಾವಿರವನ್ನಷ್ಟೇ ಹಿಡಿದು 15ರಿಂದ ಗುಣಿಸಿ, 26ರಿಂದ ಭಾಗಿಸಿ, 5 ವರ್ಷಕ್ಕೆ ಗುಣಿಸಿದರೆ 1 ಲಕ್ಷ 73 ಸಾವಿರ. ಇದಕ್ಕೆ ತೆರಿಗೆ ಇಲ್ಲ.

ಈಗ ತೆರಿಗೆ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಎಂಟು ತಿಂಗಳ ಸಂಬಳ 12 ಲಕ್ಷ. ಸ್ಟ್ಯಾಂಡರ್ಡ್ ಡಿಡಕ್ಷನ್ 75 ಸಾವಿರ ಕಳೆದರೆ 11 ಲಕ್ಷ 25 ಸಾವಿರ. ಎಫ್‌ಡಿ ಬಡ್ಡಿ ಸುಮಾರು 58 ಸಾವಿರ ಸೇರಿಸಿ. 12 ಲಕ್ಷದ ಒಳಗೇ ಇದ್ದೀರಿ, ತೆರಿಗೆ ಸೊನ್ನೆ. ಅದೇ ಮಾರ್ಚ್‌ವರೆಗೆ ದುಡಿದಿದ್ದರೆ ಆ ವರ್ಷ ಒಂದೂವರೆ ಲಕ್ಷದ ಮೇಲೆ ತೆರಿಗೆ. ಮುಂದಿನ ಡಿಸೆಂಬರ್‌ಗೆ ವಾಪಸ್ ಸೇರಿದರೂ ಆ ಹಣಕಾಸು ವರ್ಷದಲ್ಲಿ ನಾಲ್ಕೇ ತಿಂಗಳ ಸಂಬಳ, ಆಗಲೂ ಸೊನ್ನೆ. ರಜೆಯ ವರ್ಷ ಎರಡು ಹಣಕಾಸು ವರ್ಷಗಳ ಮೇಲೆ ಅಡ್ಡ ಬಿದ್ದರೆ ಸಿಗುವ ಲಾಭ ಇದು.

ಎಚ್ಚರ ಎರಡು. 12 ಲಕ್ಷ ದಾಟಿದ ಮೊದಲ ಎಪ್ಪತ್ತು ಸಾವಿರ ಹೆಚ್ಚುಕಡಿಮೆ ಪೂರ್ತಿ ತೆರಿಗೆಗೇ ಹೋಗುತ್ತೆ, ಹಾಗಾಗಿ ಡಿಸೆಂಬರ್ ಮಧ್ಯದವರೆಗೆ ಎಳೆದರೆ ಆ ಹೆಚ್ಚಿನ ದುಡಿಮೆಯಲ್ಲಿ ಕೈಗೆ ಸಿಗೋದು ಕಡಿಮೆ. ಮ್ಯೂಚುವಲ್ ಫಂಡ್ ಕೂಡ ಈ ವರ್ಷ ಮಾರಬೇಡಿ, ಅದರ ಲಾಭವೂ ಆದಾಯಕ್ಕೆ ಸೇರುತ್ತೆ. ಏಪ್ರಿಲ್ 1ರ ನಂತರ ಮಾರಿ. ಆ ವರ್ಷ ಶೇರು ಫಂಡಿನ ದೀರ್ಘಾವಧಿ ಲಾಭದಲ್ಲಿ 1 ಲಕ್ಷ 25 ಸಾವಿರದವರೆಗೆ ತೆರಿಗೆಯೂ ಇಲ್ಲ.

ಇನ್ನು, ಕಂಪನಿಯವರು ಪೂರ್ತಿ ವರ್ಷ ಇರ್ತೀರಿ ಅಂದುಕೊಂಡು ತಿಂಗಳಿಗೆ ಹನ್ನೆರಡೂವರೆ ಸಾವಿರದಷ್ಟು ಟಿಡಿಎಸ್ ಹಿಡಿದಿರ್ತಾರೆ. ಎಂಟು ತಿಂಗಳಿಗೆ 1 ಲಕ್ಷ. ಅದು ರಿಟರ್ನ್ ಸಲ್ಲಿಸಿದ ಮೇಲೆ, ಅಂದ್ರೆ ಮುಂದಿನ ವರ್ಷ ಜೂನ್‌ನಲ್ಲಿ ಫಾರ್ಮ್ 16 ಬಂದ ಮೇಲಿನ ಮಾತು. ಬರುತ್ತೆ, ಆದರೆ ಯಾವ ತಿಂಗಳು ಅಂತ ನಂಬಿ ಫೀ ಕಟ್ಟೋಕೆ ಇಟ್ಟುಕೊಳ್ಳಬೇಡಿ.

ಈಗ ಕೂಡಿಸಿ. ಎಫ್‌ಡಿ 9, ಫಂಡ್ 6, ಗ್ರಾಚ್ಯುಟಿ 1.73, ರಿಫಂಡ್ 1. ಹದಿನೇಳೂಮುಕ್ಕಾಲಿನ ಹತ್ತಿರ. ಬೇಕಾದದ್ದು ಹದಿನೇಳೂವರೆ. ಪಿಎಫ್ ಮುಟ್ಟದೆ ಆಗುತ್ತೆ, ಆದರೆ ಅಂಚಿನಲ್ಲಿ. ಮಾರುಕಟ್ಟೆ ಕಾಲು ಭಾಗ ಬಿದ್ದರೆ ನಿಮ್ಮ 6 ಲಕ್ಷ ನಾಲ್ಕೂವರೆ ಆಗುತ್ತೆ, ಆಗ ಹದಿನಾರೂಕಾಲಕ್ಕೆ ಇಳೀತು.

ಪೂರ್ಣಿಮಾ_ಕೋಥ್ರೂಡ್

ಹಾಗಾದರೆ ನಾನು ಜುಲೈನಲ್ಲಿ ಕೋರ್ಸ್‌ಗೆ ಸೇರಿದರೆ? ನನ್ನ ಸಂಬಳವೂ ಹೆಚ್ಚುಕಡಿಮೆ ಅಷ್ಟೇ.

ಕುಲಕರ್ಣಿ_ಚಿಂಚವಾಡ

ಮೊದಲ ವರ್ಷ ಮೂರು ತಿಂಗಳ ಸಂಬಳ, ತೆರಿಗೆ ಇಲ್ಲ. ಮರುವರ್ಷ ಜುಲೈಗೇ ಕೆಲಸ ಸಿಕ್ಕರೆ ಒಂಬತ್ತು ತಿಂಗಳದ್ದು 13.5 ಲಕ್ಷ, 75 ಸಾವಿರ ಕಳೆದು 12.75. ಅದಕ್ಕೆ ಸುಮಾರು 74 ಸಾವಿರ ತೆರಿಗೆ. ನಿಮಗೆ ಕಾಲೇಜು ದಿನಾಂಕ ಗೊತ್ತು ಮಾಡುತ್ತೆ, ಅವರಿಗೆ ಆಯ್ಕೆ ಇದೆ. ಸಣ್ಣ ವಿಷಯಕ್ಕೆ ಕೋರ್ಸ್ ಬಿಡಬೇಡಿ, ಫೀ ಕಟ್ಟುವ ತಿಂಗಳನ್ನು ಮಾತ್ರ ಮೊದಲು ಬರೆದುಕೊಳ್ಳಿ. ಒಂದೇ ಸಲ ದೊಡ್ಡ ಮೊತ್ತ ಹೋಗೋದು ಅಲ್ಲೇ.

ಶೆಟ್ಟಿ_ಡೊಂಬಿವಲಿ

ಸುಮಾ ಮೇಡಂ, ತಪ್ಪು ತಿಳೀಬೇಡಿ. ತಂದೆಯವರಿಗೆ ಪಿಂಚಣಿ ಇಲ್ವಾ?

ಸುಮಾ_ವಾಕಡ್

ಐತಿ ಅಣ್ಣ. ಸರ್ಕಾರಿ ಶಾಲೆ ಮಾಸ್ತರು. 28 ಸಾವಿರ ಬರುತ್ತೆ. ಧಾರವಾಡದ ಮನೆ, ಅವ್ವನ ಕೈಖರ್ಚು ಅದರಲ್ಲೇ. ಮಗಳ ಮನೆಗೆ ಬಂದು ರೊಕ್ಕ ಕೊಡಬೇಕಾ ಅಂತ ಅವರಿಗೆ ಅನಿಸಬಾರದು. ನಾನು ಕೇಳೋದಿಲ್ಲ.

ಶೆಟ್ಟಿ_ಡೊಂಬಿವಲಿ

ಅವರ ಔಷಧ ಅವರ ಪಿಂಚಣಿಯಲ್ಲಿ ಬರಲಿ ಅಂತಷ್ಟೇ. ನಮ್ಮ ಅಪ್ಪನಿಗೆ ನಾವು ಕೇಳದೇ ಇದ್ದಾಗಲೇ ಬೇಜಾರಾಗಿತ್ತು. ‘ನನ್ನ ದುಡ್ಡು ಯಾರಿಗೆ ಇಟ್ಟುಕೊಂಡಿರೋದು’ ಅಂದಿದ್ದರು.

ಕುಲಕರ್ಣಿ_ಚಿಂಚವಾಡ

ಮನೆಯ ಮಾತು, ನಾನು ಏನೂ ಹೇಳೋದಿಲ್ಲ. ಅಂಕಿ ಮಾತ್ರ ಹೇಳ್ತೇನೆ. ತಿಂಗಳಿಗೆ 18 ಸಾವಿರ, ಹದಿನೇಳು ತಿಂಗಳಿಗೆ 3 ಲಕ್ಷ ಚಿಲ್ಲರೆ. ಮಾರುಕಟ್ಟೆ ಬಿದ್ದರೆ ಆಗುವ ಕೊರತೆಯ ಎರಡು ಪಟ್ಟಿಗಿಂತ ಜಾಸ್ತಿ.

ಅನಿತಾ_ಖರಾಡಿ

ನೋಟಿಸ್ ಅವಧಿ ಮರೀಬೇಡಿ. ತೊಂಬತ್ತು ದಿನ ಇದ್ದರೆ ನವೆಂಬರ್ ಕೊನೆಗೆ ಬಿಡೋಕೆ ಆಗಸ್ಟ್ ಕೊನೆಗೇ ರಾಜೀನಾಮೆ ಹೋಗಬೇಕು. ‘ಬೇಗ ಬಿಡ್ತೀವಿ’ ಅಂತ ಮ್ಯಾನೇಜರ್ ಉಪಕಾರ ಮಾಡೋಕೆ ಹೊರಟರೆ ಬೇಡ ಅನ್ನಿ, ನವೆಂಬರ್ 10ರ ಒಳಗೆ ಬಿಡುಗಡೆ ಆದರೆ ಗ್ರಾಚ್ಯುಟಿ ಮತ್ತೆ ವಾದಕ್ಕೆ ಬೀಳುತ್ತೆ. ಸಂಬಳವಿಲ್ಲದ ರಜೆ ಕೊಡ್ತಾರಾ ಅಂತ ಕೇಳಿದ್ರಾ?

ಸುಮಾ_ವಾಕಡ್

ಕೇಳಿದೆ. ಮೂರು ತಿಂಗಳು ಮಾತ್ರ ಅಂತೆ, ಅದರಲ್ಲಿ ವಿಮೆ ಮುಂದುವರಿಯುತ್ತೆ, ಪ್ರೀಮಿಯಂ ನಾನು ಕಟ್ಟಬೇಕು. ಮೊದಲು ಆ ಮೂರು ತಿಂಗಳು ತಗೊಂಡು ಅಪ್ಪ ಇಲ್ಲಿ ಒಗ್ಗುತ್ತಾರಾ ಅಂತ ನೋಡೋಣ ಅಂತ ಯಜಮಾನರು ಅಂತಾರೆ. ಆದರೆ ಅದಾದ ಮೇಲೆ ನೋಟಿಸ್‌ನ ಮೂರು ತಿಂಗಳು ಮತ್ತೆ ಆಫೀಸಿಗೆ ಹೋಗಬೇಕಲ್ಲ.

ಅನಿತಾ_ಖರಾಡಿ

ಹೌದು, ರಜೆಯಲ್ಲಿರುವಾಗಲೇ ನೋಟಿಸ್ ಓಡೋಕೆ ಬಹುತೇಕ ಬಿಡೋದಿಲ್ಲ. ಆದರೂ ನಿಮ್ಮ ಯಜಮಾನರ ಮಾತಿನಲ್ಲಿ ಅರ್ಥ ಇದೆ ಅನಿಸುತ್ತೆ ನನಗೆ.

ಕುಲಕರ್ಣಿ_ಚಿಂಚವಾಡ

ನನಗೆ ಅಷ್ಟು ಒಪ್ಪಿಗೆ ಇಲ್ಲ. ಪಾರ್ಕಿನ್ಸನ್ಸ್ ಇರುವವರಿಗೆ ಊರು ಬದಲಿಸೋದೇ ಒಂದು ಕಷ್ಟ. ಮೂರು ತಿಂಗಳು ಮಗಳು ಮನೆಯಲ್ಲಿ, ಮೂರು ತಿಂಗಳು ಇಲ್ಲ, ಮತ್ತೆ ಇದ್ದಾಳೆ ಅಂದ್ರೆ ನಡುವೆ ನೋಡಿಕೊಳ್ಳೋಕೆ ಆಳು ಇಡಬೇಕು. ಆ ಖರ್ಚು ನಾನು ಹಾಕಿದ ಲೆಕ್ಕದಲ್ಲಿ ಇಲ್ಲ.

ಸುಮಾ_ವಾಕಡ್

ಇವತ್ತು ಹಳೇ ಕಾಗದ ತೆಗೆದು ನೋಡಿದೆ. ಒಂದು ತೊಡಕು. ಮೊದಲ ಮೂರು ತಿಂಗಳು ನಾನು ಇದೇ ಆಫೀಸಿನಲ್ಲಿದ್ದರೂ ಸಂಬಳ ಕೊಟ್ಟದ್ದು ಒಬ್ಬ ವೆಂಡರ್. ಪಿಎಫ್ ಪಾಸ್‌ಬುಕ್‌ನಲ್ಲೂ ಎರಡು ಮೆಂಬರ್ ಐಡಿ ಕಾಣ್ತಿವೆ. ನವೆಂಬರ್ 10 ಅಂದ್ರೆ ವೆಂಡರ್ ಮೂಲಕ ಮೊದಲು ಸೇರಿದ ದಿನ.

ಅನಿತಾ_ಖರಾಡಿ

ಹಾಗಾದರೆ ಕಂಪನಿಯ ನೇಮಕಾತಿ ಪತ್ರದ ದಿನಾಂಕದಿಂದ ಐದು ವರ್ಷ ಎಣಿಸ್ತಾರೆ ಅನ್ನೋ ಸಾಧ್ಯತೆಯೇ ಜಾಸ್ತಿ. ಅದು ಫೆಬ್ರವರಿ.

ಕುಲಕರ್ಣಿ_ಚಿಂಚವಾಡ

ಫೆಬ್ರವರಿವರೆಗೆ ಇದ್ದರೆ ಗ್ರಾಚ್ಯುಟಿ ಸಿಗುತ್ತೆ, ತೆರಿಗೆಯ ಲಾಭದ ದೊಡ್ಡ ಭಾಗ ಹೋಗುತ್ತೆ, ಮೂರು ತಿಂಗಳ ಸಂಬಳ ಹೆಚ್ಚು ಬರುತ್ತೆ. ದುಡ್ಡಿನ ಮಟ್ಟಿಗೆ ಫೆಬ್ರವರಿಯೇ ಮೇಲು. ಆದರೆ ತಂದೆಯವರು ಅಲ್ಲಿವರೆಗೆ ಧಾರವಾಡದಲ್ಲಿ ಹೇಗಿರ್ತಾರೆ ಅನ್ನೋದು ನನ್ನ ಕಾಗದದಲ್ಲಿ ಬರೋದಿಲ್ಲ.

ಸುಮಾ_ವಾಕಡ್

ಶುಕ್ರವಾರ ರಾತ್ರಿ ಊರಿಗೆ ಹೊರಟಿದ್ದೀವಿ. ಅಪ್ಪನ ಡಾಕ್ಟರನ್ನೂ ಕಾಣಬೇಕು, ಪಿಂಚಣಿ ಪಾಸ್‌ಬುಕ್ ಕೂಡ ತೋರಿಸು ಅಂತ ಅವ್ವನಿಗೆ ಹೇಳಿದ್ದೀನಿ. ಎಚ್‌ಆರ್‌ಗೆ ಗ್ರಾಚ್ಯುಟಿ ದಿನಾಂಕ ಕೇಳಿ ಮೇಲ್ ಹಾಕಿದೆ, ರಾಜೀನಾಮೆ ವಿಷಯ ಬರೆದಿಲ್ಲ. ಉತ್ತರ ಬಂದರೆ ಇಲ್ಲಿ ಹಾಕ್ತೀನಿ.

ನಾಗರಾಜ್_ಠಾಣೆ

ಕೋಚಿಂಗ್ ಸಾಲದ ಬಗ್ಗೆ ಹೊಸ ಚರ್ಚೆ ತೆರೆದಿದ್ದೀನಿ. ಕುಲಕರ್ಣಿ ಸರ್, ಆ ಕಡೆ ಸ್ವಲ್ಪ ಬನ್ನಿ.